ಎಲೆ ಹಾಕಿಕೊಳ್ಳುವವರು ತಂಬಾಕು ತಿನ್ನುವುದಿಲ್ಲ

ವಿಮೆಯ ಬಗ್ಗೆ ಚಿಕ್ಕ ವಯಸ್ಸಿನ ಸಂಸಾರಗಳಿಗೆ ತಿಳಿಯುವಂತೆ ಒಂದು ಪುಟ ಬರೆಯಿರಿ ಎಂದು ಲಿಂಗಸುಗೂರಿನ ನಮ್ಮ ಶಾಖೆಯ ವ್ಯವಸ್ಥಾಪಕರು ಹೇಳಿದಾಗ, ಇದೇನು ದೊಡ್ಡ ಕೆಲಸ ಎಂದುಕೊಂಡಿದ್ದೆ. ನಾನು ಸಿಂಧನೂರಿನಲ್ಲಿ ವಿಮಾ ಏಜೆಂಟಾಗಿ ಆರು ವರ್ಷ ಕಳೆದಿದ್ದೆ. ಅದಕ್ಕೂ ಮೊದಲು ಇತಿಹಾಸದಲ್ಲಿ ಎಂ.ಎ. ಮಾಡಿ, ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಯಾರೋ ಹೇಳಿದ್ದನ್ನು ಹಾಗೇ ನಂಬಬಾರದು, ಎರಡನೆಯ ಸಾಕ್ಷಿ ಹುಡುಕಬೇಕು ಎಂದು ಹುಡುಗರಿಗೆ ಪಾಠ ಹೇಳಿದವಳು. ದಿನಚರಿ ಬರೆಯುವ ರೂಢಿ ಅಂಟಿಕೊಂಡಿದ್ದೂ ಆಗಲೇ. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅದು ತನಗೆ ಒಪ್ಪುವಂತೆ ಸಂಗತಿಗಳನ್ನು ತಿದ್ದಿಕೊಳ್ಳುತ್ತದೆ ಎಂಬುದನ್ನು ಹಲವು ಸಲ ಕಂಡಿದ್ದೇನೆ. ಇಷ್ಟು ತಿಳಿದೂ ಆ ಪುಟವನ್ನು ದಿನಚರಿ ಬಿಚ್ಚದೆ, ನೆನಪಿನಿಂದಲೇ ಬರೆದೆ.

ಟರ್ಮ್ ಪ್ಲಾನ್ ಎಂದರೆ ಏನು ಎಂಬುದರಿಂದ ಶುರು ಮಾಡಿದ್ದೆ. ಇಷ್ಟು ವರ್ಷ ಎಂದು ಒಂದು ಅವಧಿ ಇರುತ್ತದೆ. ಆ ಅವಧಿಯೊಳಗೆ ವಿಮೆ ಮಾಡಿಸಿದವರು ತೀರಿಕೊಂಡರೆ, ಅವರು ಹೆಸರು ಬರೆಸಿದ ನಾಮಿನಿಗೆ ಒಪ್ಪಿದ ಮೊತ್ತ ಬರುತ್ತದೆ. ಕಾಯಿಲೆಯಿಂದ ಹೋದರೂ ಸರಿ, ರಸ್ತೆಯಲ್ಲಿ ಹೋದರೂ ಸರಿ, ಗದ್ದೆಯಲ್ಲಿ ಹಾವು ಕಚ್ಚಿದರೂ ಸರಿ. ದವಾಖಾನೆಯಲ್ಲೇ ಸಾಯಬೇಕೆಂದಿಲ್ಲ. ಮೊದಲ ವರ್ಷದಲ್ಲಿ ಆತ್ಮಹತ್ಯೆಯಾದರೆ ಮಾತ್ರ ಆ ಮೊತ್ತ ಬರುವುದಿಲ್ಲ, ಕಟ್ಟಿದ ಕಂತಿನ ಒಂದು ಭಾಗವಷ್ಟೇ ತಿರುಗಿ ಬರುತ್ತದೆ. ದವಾಖಾನೆಯ ಬಿಲ್ಲು ಇದರಲ್ಲಿ ಬರುವುದಿಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೆ. ಕೈಕಾಲು ಹೋದರೆ ಹಣ ಬರಬೇಕೆಂದರೆ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಕಂತು ಕಟ್ಟುವವರಿಗೆ ಕೊನೆಯ ದಿನದ ನಂತರವೂ ಮೂವತ್ತು ದಿನ ಸಮಯವಿದೆ. ಆ ಮೂವತ್ತು ದಿನದಲ್ಲಿ ಸಾವಾದರೂ ಬಾಕಿ ಕಂತು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಅದು ಮುಗಿದ ಮೇಲೆ ರಕ್ಷಣೆ ನಿಲ್ಲುತ್ತದೆ. ನಾಮಿನಿ ಸಣ್ಣ ಮಗುವಾಗಿದ್ದರೆ ಮಗುವಿನ ಪರವಾಗಿ ಹಣ ಪಡೆಯಲು ಒಬ್ಬ ದೊಡ್ಡವರ ಹೆಸರು ಬರೆಸಬೇಕು.

ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದ್ದೆ. 'ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ನಿಜ ಹೇಳಿರಿ. ಬಿಪಿ, ಸಕ್ಕರೆ, ಹಳೆಯ ಆಪರೇಷನ್, ಕುಡಿತ, ಯಾವುದೇ ರೂಪದ ತಂಬಾಕು. ಪಾಲಿಸಿಯಾಗಿ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಅರ್ಜಿಯನ್ನು ತೆಗೆದು ನೋಡುತ್ತದೆ. ಮುಚ್ಚಿಟ್ಟದ್ದು ಸಿಕ್ಕರೆ ಹಣ ಕೊಡದೆ ಇರಬಹುದು.' ಬರೆದು ಮುಗಿಸಿ, ನನ್ನ ಪಾಲಿಸಿದಾರರಿದ್ದ ವಾಟ್ಸಾಪ್ ಗುಂಪಿಗೆ ಹಾಕಿದೆ. ಆವತ್ತು ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಗುಂಪಿನಲ್ಲಿ ಯಾವಾಗಲೂ ಆಗುವಂತೆ ಮೊದಲು ತಮಾಷೆ ಶುರುವಾಯಿತು. ಮುಕ್ಕುಂದದ ಭತ್ತದ ರೈತರೊಬ್ಬರು, "ಬದುಕಿದ್ರ ಏನ್ ಬರ್ತೈತ್ರಿ ಮೇಡಂ?" ಎಂದು ಕೇಳಿದರು. ಅದಕ್ಕೆ ಇನ್ನೊಬ್ಬರು, "ಬದುಕಿದ್ರ ನೀವ ಮನಿಗಿ ಬರ್ತೀರಲ್ಲೋ ಯಪ್ಪಾ, ಇನ್ನೇನ್ ಬೇಕು" ಎಂದು ಉತ್ತರ ಕೊಟ್ಟರು. ನಾನು ನಗುವ ಮುಖ ಹಾಕಿ, ಏನೂ ಬರುವುದಿಲ್ಲ, ಅದಕ್ಕೇ ಕಂತು ಕಡಿಮೆ ಎಂದು ಬರೆದೆ.

ಮರುದಿನ ಮಧ್ಯಾಹ್ನ ಮಸ್ಕಿಯಿಂದ ಫೋನ್ ಬಂತು. ಮಾತಾಡಿದವಳು ಒಬ್ಬ ಪಾಲಿಸಿದಾರನ ಹೆಂಡತಿ. ಗಂಡನಿಗೆ ಮಸ್ಕಿಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಅವನಿಗೆ ಮೂವತ್ತೊಂದು, ಇವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಎರಡನೇ ತರಗತಿಯಲ್ಲಿ ಓದುವ ಮಗಳು, ಅಂಗನವಾಡಿಗೆ ಹೋಗುವ ಮಗ. ಐವತ್ತು ಲಕ್ಷದ ಟರ್ಮ್ ಪ್ಲಾನ್ ಮಾಡಿಸಿ ಒಂದು ವರ್ಷ ಏಳು ತಿಂಗಳಾಗಿತ್ತು. ನಾಮಿನಿ ಇವಳೇ.

"ಅಕ್ಕಾರ, ನೀವು ಬರದದ್ದು ಎರಡ ಸಲ ಓದೀನ್ರಿ. ಯಾವುದೇ ರೂಪದ ತಂಬಾಕು ಅಂತ ಬರದೀರಲ್ಲ. ಎಲಿ ಜೊತಿ ಹಾಕ್ಕೊಳ್ಳೋದೂ ಅದರಾಗ ಬರ್ತೈತೇನ್ರಿ?"

"ಬರ್ತೈತಿ ತಂಗಿ. ಯಾಕ?"

"ನಮ್ಮನಿಯವ್ರು ಹಾಕ್ಕೋತಾರಲ್ರಿ."

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆ ಆರಿಸಿದೆ. "ಎಷ್ಟು ಸಲ?" ಎಂದು ಕೇಳಿದೆ.

"ಉಂಡ ಮ್ಯಾಲೆ ಬೇಕ ಬೇಕ್ರಿ. ಅಂಗಡ್ಯಾಗ ಮತ್ತ ಎರಡು ಮೂರು ಸಲ. ಮೊದ್ಲಿಂದಾನೂ ಐತಿ. ನಿಮಗ ಗೊತ್ತೈತಲ್ರಿ?"

ನನಗೆ ಗೊತ್ತಿರಲಿಲ್ಲ. ಹಾಗೆಂದು ಪ್ರಮಾಣ ಮಾಡಿ ಹೇಳಬಲ್ಲೆ ಎಂದು ಆ ಕ್ಷಣಕ್ಕೆ ನಂಬಿದ್ದೆ. ಅರ್ಜಿ ತುಂಬುವಾಗ ಪ್ರತಿಯೊಂದು ಪ್ರಶ್ನೆಯನ್ನೂ ಓದಿ ಹೇಳುತ್ತೇನೆ, ಆ ಮನೆಯಲ್ಲೂ ಓದಿದ್ದೆ, ತಂಬಾಕು ಇದೆಯೇ ಎಂದು ಕೇಳಿದ್ದೆ, ಅವನು ಇಲ್ಲ ಎಂದಿದ್ದ. ಈ ನೆನಪು ಅಷ್ಟು ಸ್ಪಷ್ಟವಾಗಿತ್ತೆಂದರೆ ಅವನ ಮೇಲೆ ಸಿಟ್ಟೇ ಬಂತು. ಸುಳ್ಳು ಹೇಳಿ ಹೆಂಡತಿ ಮಕ್ಕಳನ್ನು ಹೀಗೆ ಸಿಕ್ಕಿಸಿದನಲ್ಲ ಎಂದುಕೊಂಡೆ.

"ಈಗ ಇವ್ರಿಗೇನರ ಆದ್ರ ರೊಕ್ಕ ಬರಂಗಿಲ್ಲೇನ್ರಿ?" ಎಂದಳು.

"ಬರಂಗಿಲ್ಲ ಅಂತ ಅಲ್ಲ. ಬರ್ತದ ಅಂತ ಗಟ್ಟಿ ಹೇಳಾಕ ಬರಂಗಿಲ್ಲ."

"ಕ್ಯಾನ್ಸರ್ ಆದ್ರ ಸರಿ ಬಿಡ್ರಿ, ತಂಬಾಕದಿಂದ ಆತು ಅಂತಾರ. ಅಂಗಡ್ಯಾಗ ಕರೆಂಟ್ ಹೊಡದ್ರ?"

ಅದಕ್ಕೂ ನನಗೆ ಹೌದೆಂದು ಹೇಳಲಾಗಲಿಲ್ಲ. ತಂಬಾಕು ಇದೆ ಎಂದು ಮೊದಲೇ ಗೊತ್ತಿದ್ದರೆ ಕಂಪನಿ ಹೆಚ್ಚಿನ ಕಂತು ಹಾಕುತ್ತಿತ್ತು. ಹಾಗಾಗಿ ಸಾವಿಗೂ ಎಲೆಗೂ ಸಂಬಂಧವಿಲ್ಲದಿದ್ದರೂ, ಅರ್ಜಿಯಲ್ಲಿ ಸುಳ್ಳಿದೆ ಎಂದು ತಕರಾರು ತೆಗೆಯಬಹುದು. ಕಟ್ಟಿದ ಕಂತುಗಳನ್ನು ತಿರುಗಿ ಕೊಟ್ಟು ಕೈ ತೊಳೆದುಕೊಳ್ಳಬಹುದು. ಮೋಟಾರು ಬಿಚ್ಚಿ ಕೂರುವ ಗಂಡನ ಬಗ್ಗೆ ಅವಳಿಗಿದ್ದ ಭಯ ಕರೆಂಟಿನದು, ಎಲೆಯದಲ್ಲ. ಆ ಭಯಕ್ಕೇ ಅವಳು ಹಟ ಹಿಡಿದು ಪಾಲಿಸಿ ಮಾಡಿಸಿದ್ದು.

ಫೋನಿಟ್ಟ ಮೇಲೆ ಹಳೆಯ ದಿನಚರಿ ತೆಗೆದೆ. ನಾನು ಪ್ರಶ್ನೆ ಕೇಳಿದ್ದಕ್ಕೆ, ಅವನು ಇಲ್ಲವೆಂದದ್ದಕ್ಕೆ ಅಲ್ಲಿ ಸಾಕ್ಷಿ ಸಿಗುತ್ತದೆ ಎಂಬ ಭರವಸೆಯಿಂದಲೇ ತೆಗೆದೆ. ಆ ದಿನದ ಬರಹ ಅರ್ಧ ಪುಟವಿತ್ತು, ಅದರಲ್ಲಿ ಹುಡುಗ ಎಂದರೆ ಈ ಪಾಲಿಸಿದಾರನೇ. ಇದ್ದದ್ದನ್ನು ಇದ್ದಂತೆ ಇಲ್ಲಿ ಇಳಿಸುತ್ತೇನೆ.

'ಮಸ್ಕಿ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ. ಉಣ್ಣದೆ ಬಿಡಲಿಲ್ಲ. ಊಟವಾದ ಮೇಲೆ ಹುಡುಗನ ತಂದೆ ಎಲೆಯ ಸಂಚಿ ಬಿಚ್ಚಿದರು. ನಾನೂ ಒಂದು ಎಲೆ ತಗೊಂಡೆ, ತಂಬಾಕು ಬೇಡವೆಂದೆ. ಆಮೇಲೆ ಅರ್ಜಿ. ಹುಡುಗನ ಬಾಯಿ ತುಂಬ ಎಲೆ. ನನ್ನ ಪ್ರಶ್ನೆಗಳಿಗೆಲ್ಲ ತಲೆ ಆಡಿಸಿಯೇ ಉತ್ತರ ಕೊಟ್ಟ. ಹೆಂಡತಿ ನಕ್ಕಳು. ನನಗೂ ನಗು. ನಾಲ್ಕರ ಬಸ್ಸು ಸಿಕ್ಕಿತು.'

ತಂಬಾಕು ತಿನ್ನುತ್ತೀರಾ ಎಂಬ ಪ್ರಶ್ನೆಗೆ ಅವನು ಬಾಯಿ ಬಿಟ್ಟು ಉತ್ತರ ಕೊಡಲಾಗದೆ ತಲೆ ಆಡಿಸಿದ್ದು, ಬಾಯಿ ತುಂಬ ಅದೇ ಇದ್ದದ್ದರಿಂದ. ಅವನ ಎದುರಿಗೆ ಕೂತು, ಅದನ್ನು ಕಣ್ಣಾರೆ ನೋಡಿ, ನಗುತ್ತ 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದವಳು ನಾನು. ಇವರ ಅಭ್ಯಾಸಗಳ ಬಗ್ಗೆ ನನಗೆ ಬೇರೇನೂ ತಿಳಿದಿಲ್ಲ ಎಂದು ಏಜೆಂಟರ ವರದಿಗೆ ಸಹಿ ಹಾಕಿದವಳೂ ನಾನೇ. ಆ ವಯಸ್ಸಿಗೆ, ಆ ಮೊತ್ತಕ್ಕೆ ನಮ್ಮ ಕಂಪನಿ ರಕ್ತ, ಮೂತ್ರದ ಪರೀಕ್ಷೆ ಕೇಳಿರಲಿಲ್ಲ. ನಾವು ಬರೆದು ಕೊಟ್ಟದ್ದನ್ನೇ ನಂಬಿ ಪಾಲಿಸಿ ಕೊಟ್ಟಿತ್ತು.

ಇಷ್ಟು ದಿನ ನನ್ನ ನೆನಪಿನಲ್ಲಿ ಅವನು ಬಾಯಿಬಿಟ್ಟು 'ಇಲ್ಲ' ಎಂದಿದ್ದ. ಆ ದನಿ ಕೂಡ ನನಗೆ ಕೇಳಿಸುತ್ತಿತ್ತು. ಆ ದನಿಯನ್ನು ನಾನು ಯಾವಾಗ ಸೇರಿಸಿಕೊಂಡೆ? ತಿಳಿಯದು. ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ದಿನಚರಿಯಲ್ಲಿ ಇಲ್ಲದ ಸಂಗತಿ. ಪ್ರಶ್ನೆಯನ್ನು ಹೇಗೆ ಕೇಳಿದೆ ಎಂದು ನಾನು ಬರೆದಿಲ್ಲ. ನಮ್ಮ ಕಡೆ ಬೀಡಿ ಸಿಗರೇಟು ಸೇದುವುದು ಚಟ, ಗುಟ್ಕಾ ಚಟ, ಇಸ್ಪೀಟು ಚಟ. ಉಂಡ ಮೇಲೆ ಎಲೆ ಹಾಕಿಕೊಳ್ಳುವುದು ಊಟದ ಭಾಗ. ಅದರಲ್ಲಿ ಚಿಟಿಕೆ ತಂಬಾಕು ಇದ್ದರೆ ಅದು ಸುಣ್ಣ ಇದ್ದಷ್ಟೇ ಸಹಜ. ನನ್ನ ಅತ್ತೆ ಮೂವತ್ತು ವರ್ಷದಿಂದ ಎಲೆಯೊಳಗೆ ತಂಬಾಕು ಮಡಿಸಿಕೊಳ್ಳುತ್ತಾರೆ, ಅವರನ್ನು ತಂಬಾಕು ತಿನ್ನುವವರು ಎಂದು ನಮ್ಮ ಮನೆಯಲ್ಲಿ ಯಾರೂ ಎಂದೂ ಅಂದಿಲ್ಲ, ನಾನೂ ಅಂದಿಲ್ಲ. ಅಂಥ ನಾನು ಆ ಮನೆಯಲ್ಲಿ ಪ್ರಶ್ನೆಯನ್ನು ಅಚ್ಚಿನಲ್ಲಿದ್ದಂತೆ ಓದಿದೆನೋ, ಅಥವಾ ಬಾಯಿಗೆ ಬಂದಂತೆ, ಚಟಗಿಟ ಏನೂ ಇಲ್ಲಲ್ಲ ಎಂದು ಕೇಳಿದೆನೋ?

ಮರುದಿನ ಬೆಳಿಗ್ಗೆಯ ಬಸ್ಸಿಗೆ ಲಿಂಗಸುಗೂರಿಗೆ ಹೋದೆ. ವ್ಯವಸ್ಥಾಪಕರಿಗೆ ಹೇಳುವ ಮೊದಲು ನನಗೆ ಈ ಕೆಲಸ ಕಲಿಸಿದ ಹಿರಿಯ ಏಜೆಂಟರಿಗೆ ಹೇಳಬೇಕೆನಿಸಿತು. ಅವರು ಗುರುಗುಂಟಾದವರು. ವಾರಕ್ಕೆರಡು ದಿನ ಬೈಕಿನಲ್ಲಿ ಶಾಖೆಗೆ ಬರುತ್ತಾರೆ. ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಸಿಕ್ಕರು. ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ನಕ್ಕರು.

"ಏನ್ ಬೇ ತಂಗಿ, ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ಬಂದೀದಿ? ಎಲಿ ಅಡಕಿ ತಿನ್ನೋರ್ನ ಎಲ್ಲಾ ಬರಕೋಂತ ಕುಂತ್ರ ಜಿಲ್ಲಾದಾಗ ಒಂದು ಪಾಲಿಸಿ ಆಗಂಗಿಲ್ಲ."

"ಹಂಗಲ್ರಿ ಅಣ್ಣಾರ. ನಾನ ನೋಡೀನಿ, ನಾನ ಇಲ್ಲ ಅಂತ ಬರದೀನಿ."

"ಎಷ್ಟು ದಿನ ಆತು?"

"ಒಂದು ವರ್ಷ ಏಳು ತಿಂಗಳು."

ಅವರು ಬೆರಳು ಮಡಚಿ ಎಣಿಸಿದರು. "ಇನ್ನ ಹದಿನೇಳು ತಿಂಗಳು. ಮೂರು ವರ್ಷ ದಾಟಿತು ಅಂದ್ರ ಕಂಪನಿ ಏನೂ ಕೇಳಂಗಿಲ್ಲ, ಕಾಯ್ದೆನ ಹಂಗೈತಿ. ಬಾಯಿ ಮುಚ್ಕೊಂಡು ಇರು. ಆ ಹುಡುಗ ಏನು ಹದಿನೇಳು ತಿಂಗಳಾಗ ಸಾಯ್ತಾನೇನು?"

ಕಾಯ್ದೆಯ ಬಗ್ಗೆ ಅವರು ಹೇಳಿದ್ದು ಸರಿಯೇ. ಮೂರು ವರ್ಷ ತುಂಬಿದ ಪಾಲಿಸಿಯನ್ನು ಅರ್ಜಿಯ ತಪ್ಪಿಗಾಗಿ ಪ್ರಶ್ನಿಸುವಂತಿಲ್ಲ. ಆದರೆ ಕೊನೆಗೆ ಅವರು ಕೇಳಿದ ಆ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. ಅವನು ಸಾಯುವುದಿಲ್ಲ ಎಂದು ಗೊತ್ತಿದ್ದರೆ ಪಾಲಿಸಿ ಯಾಕೆ ಮಾಡಿಸಬೇಕಿತ್ತು? ಆರು ವರ್ಷ ನಾನು ಮನೆಮನೆಗೆ ಹೋಗಿ, ನಾಳೆ ಯಾರಿಗೂ ಗೊತ್ತಿಲ್ಲ ಎಂದು ಹೇಳಿ ಸಹಿ ಹಾಕಿಸಿಕೊಂಡವಳು. ಈಗ ಆ ನಾಳೆಯನ್ನೇ ನೆಚ್ಚಿಕೊಂಡು ಹದಿನೇಳು ತಿಂಗಳು ಸುಮ್ಮನಿರು ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಚಹಾದ ದುಡ್ಡನ್ನೂ ಅವರೇ ಕೊಟ್ಟರು. ಅವರ ಸಲಹೆ ನನಗೆ ಹಿತವಾಗಿಯೇ ಕೇಳಿಸಿತು ಎಂಬುದನ್ನು ಬರೆದಿಡಬೇಕು, ಯಾಕೆಂದರೆ ಮುಂದೊಂದು ದಿನ ನಾನು ಒಂದು ಕ್ಷಣವೂ ಹಿಂಜರಿಯಲಿಲ್ಲ ಎಂದು ನೆನಪಿಸಿಕೊಳ್ಳುವ ಅಪಾಯವಿದೆ.

ವ್ಯವಸ್ಥಾಪಕರ ಕೋಣೆಗೆ ಹೋದೆ. ಅವರು ನಗಲಿಲ್ಲ. ಅರ್ಜಿಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ತೆಗೆದು ನನ್ನ ಕಡೆ ತಿರುಗಿಸಿದರು. 'ನೀವು ತಂಬಾಕನ್ನು ಸೇದುವ, ಜಗಿಯುವ ಅಥವಾ ಬೇರೆ ಯಾವುದೇ ರೂಪದಲ್ಲಿ ಬಳಸುತ್ತೀರಾ?' ಎಂದಿತ್ತು. ಮುಂದೆ ನನ್ನದೇ ಕೈಯ ಗುರುತು.

"ಜಗಿಯುವ ಅಂತ ಖುಲ್ಲಾ ಐತಿ ನೋಡ್ರಿ," ಎಂದರು. "ನೀವು ಓದಿ ಹೇಳಿದ್ರಿಲ್ಲೋ?"

"ನನಗ ನೆನಪಿಲ್ರಿ ಸರ್." ಎಂದೆ.

ದಾರಿ ಒಂದೇ ಎಂದರು. ಪಾಲಿಸಿದಾರನೇ ಬರೆದು ಕೊಡಬೇಕು, ಅರ್ಜಿಯಲ್ಲಿ ತಪ್ಪಾಗಿದೆ, ನಿಜ ಹೀಗಿದೆ ಎಂದು. ಕಂಪನಿ ಪರೀಕ್ಷೆ ಮಾಡಿಸು ಎನ್ನಬಹುದು. ಕಂತು ಹೆಚ್ಚಿಸಿ ಮುಂದುವರಿಸಬಹುದು. ಬೇಡವೆನಿಸಿದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ನಿಮಗೂ ನೋಟಿಸು ಬರಬಹುದು, ಅದಕ್ಕೆ ತಯಾರಿರಿ ಎಂದು ಕೊನೆಗೆ ಸೇರಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಮಸ್ಕಿಯಲ್ಲಿ ಇಳಿದೆ. ಪಾಲಿಸಿದಾರನ ಹೆಂಡತಿ ನನ್ನನ್ನು ಮನೆಗೆ ಕರೆಯದೆ ಅಂಗಡಿಗೇ ಕರೆದುಕೊಂಡು ಹೋದಳು. ಅವನು ನೆಲದ ಮೇಲೆ ಕೂತು ಮೋಟಾರಿನಿಂದ ಸುಟ್ಟ ತಾಮ್ರದ ತಂತಿ ಕೀಳುತ್ತಿದ್ದ. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಸ್ಟೂಲು ಕೊಟ್ಟ. ಹೆಂಡತಿ ಮೊದಲೇ ಎಲ್ಲ ಹೇಳಿದ್ದಳು.

"ಅಕ್ಕಾರ, ನಾ ತಂಬಾಕ ತಿನ್ನೋನಲ್ರಿ," ಎಂದ. ಆಣೆ ಮಾಡುವವನ ಹಾಗಿತ್ತು ಮುಖ. "ಗುಟ್ಕಾ ಮುಟ್ಟಿಲ್ಲ, ಬೀಡಿ ಸೇದಿಲ್ಲ. ಬೇಕಾರ ನಮ್ಮ ಓಣ್ಯಾಗ ಕೇಳ್ರಿ. ಎಲಿ ಹಾಕ್ಕೋತೀನಿ ಅಷ್ಟ."

"ಎಲಿಯಾಗ ಏನ್ ಹಾಕ್ಕೋತೀರಿ, ಅದನ್ನ ಹೇಳ್ರಿ," ಎಂದಳು ಹೆಂಡತಿ.

"ಎಲ್ಲಾರೂ ಹಾಕ್ಕೊಳ್ಳೋದ ಹಾಕ್ಕೋತೀನಿ."

"ಎಲ್ಲಾರ ಹೆಂಡರೂ ನಾಮಿನಿ ಇಲ್ರಿ. ನಾ ಅದೀನಿ."

ಪಕ್ಕದ ಅಂಗಡಿಯವನು ಕಿಸಕ್ಕನೆ ನಕ್ಕ. ಇವನಿಗೆ ಅವಮಾನವಾಯಿತು. ನನ್ನ ಕಡೆ ತಿರುಗಿ, "ಆವತ್ತು ನೀವೂ ನಮ್ಮಪ್ಪನ ಸಂಚ್ಯಾಗಿನ ಎಲಿ ತಗೊಂಡ್ರಲ್ರಿ. ನನ್ನ ಎದುರಿಗೇ ಕುಂತಿದ್ರಿ. ಆವಾಗ ಯಾಕ ಕೇಳ್ಲಿಲ್ಲ?" ಎಂದ.

"ನಾ ಹೆಂಗ ಕೇಳಿದ್ದೆ, ನಿಮಗ ನೆನಪೈತೇನು?" ಎಂದೆ. ನನಗೆ ಅದು ಬೇಕಿತ್ತು, ಹೊರಗಿನ ಒಂದು ಸಾಕ್ಷಿ.

ಅವನಿಗೆ ನೆನಪಿರಲಿಲ್ಲ. ಹೆಂಡತಿಗೆ ಇತ್ತು. "ನೀವು ಹಾಳ್ಯಾಗ ನೋಡ್ಕೋಂತ, ಬೀಡಿ ಸಿಗರೇಟು ಕುಡಿಯೋದು ಅದು ಇದು ಏನೂ ಇಲ್ಲಲ್ರಿ ಅಂದ್ರಿ. ಇವ್ರು ತಲಿ ಆಡ್ಸಿದ್ರು. ಎಲಿ ಮಾತ ಬರ್ಲಿಲ್ರಿ ಅಕ್ಕಾರ."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಅಂಗಳದಲ್ಲಿ ಕಂಡದ್ದನ್ನು ಹೇಳುವಂತೆ ಹೇಳಿದಳು. ಅವಳ ನೆನಪೂ ತಪ್ಪಿರಬಹುದು ಎಂದು ಯೋಚಿಸಲು ನನಗೆ ಆಗ ಧೈರ್ಯ ಬರಲಿಲ್ಲ. ಈಗಲೂ ಅದು ನಿಜವೆಂದೇ ನನಗನಿಸುತ್ತದೆ. 'ಇಲ್ಲಲ್ರಿ' ಎಂದು ಕೇಳುವುದು ನನ್ನದೇ ರೀತಿ. ಪ್ರಶ್ನೆಯ ಒಳಗೇ ಉತ್ತರ ಇಟ್ಟು ಕೇಳುತ್ತೇನೆ, ಎದುರಿಗಿರುವವರಿಗೆ ಮುಜುಗರವಾಗದಿರಲಿ ಎಂದು.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವರಿಬ್ಬರಿಗೂ ಎರಡೂ ದಾರಿ ಹೇಳಿದೆ. ಗುರುಗುಂಟಾದವರು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಹದಿನೇಳು ತಿಂಗಳು ಸುಮ್ಮನಿದ್ದರೆ ಕಂಪನಿ ಆಮೇಲೆ ಕೇಳುವಂತಿಲ್ಲ. ಈಗಲೇ ಬರೆದು ಕೊಟ್ಟರೆ ಕಂತು ಹೆಚ್ಚಾಗುವುದು ಖಂಡಿತ, ಪಾಲಿಸಿಯೇ ಹೋದರೂ ಹೋಯಿತು. ಸುಮ್ಮನಿರಿ ಎಂದು ನಾನು ಹೇಳಲಾರೆ, ಆದರೆ ಸಹಿ ಅವರದು.

"ಸುಮ್ಮನಿರೋದ ಚಲೋ," ಎಂದ ಅವನು ತಕ್ಷಣ. "ನಾ ಏನ್ ಹದಿನೇಳು ತಿಂಗಳಾಗ ಹೋಗಂಗಿಲ್ಲ."

ಅವಳಿಗೆ ಸಿಟ್ಟು ಬಂದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. "ನೀವು ಹೋಗಂಗಿಲ್ಲ ಅಂತ ಯಾರ್ ಬರದು ಕೊಟ್ಟಾರ? ಹದಿನೇಳು ತಿಂಗಳು ನಾ ದಿನಾ ಸಂಜಿಗಿ ನಿಮ್ಮ ಗಾಡಿ ಸಪ್ಪಳ ಕೇಳ್ಕೋಂತ ಬಾಗಿಲಾಗ ಕುಂದ್ರಬೇಕೇನು? ಇವತ್ತಿನ ದಿನ ದಾಟಿತು, ನಾಳಿದು ದಾಟಿತು ಅಂತ ಎಣಸ್ಕೋಂತ? ಅದಕ್ಕಿಂತ ಪಾಲಿಸಿ ಇಲ್ಲದಾಗ ಚಲೋ ಇದ್ದೆ ನಾ. ಆವಾಗ ಇಲ್ಲ ಅನ್ನೋದರ ಖಾತ್ರಿ ಇತ್ತು."

ಅವನು ಸುಟ್ಟ ತಂತಿಯ ಸುರುಳಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸುತ್ತ ನಿಂತ. ಪಕ್ಕದ ಅಂಗಡಿಯವನು ನಗುವುದನ್ನು ನಿಲ್ಲಿಸಿದ್ದ. ಕೊನೆಗೆ ಗಂಡನೇ, "ಏನಂತ ಬರೀಬೇಕ್ರಿ ಅಕ್ಕಾರ?" ಎಂದು ಕೇಳಿದ.

ಅವನ ಪರವಾಗಿ ನಾನು ಬರೆಯಲಿಲ್ಲ. ಆ ತಪ್ಪನ್ನು ಇನ್ನೊಮ್ಮೆ ಮಾಡುವ ಧೈರ್ಯವಿರಲಿಲ್ಲ. ಅವನು ಹೇಳಿದ, ಅವಳು ಬರೆದಳು. ಹದಿನಾರು ವರ್ಷದವನಿದ್ದಾಗಿನಿಂದ ಎಲೆ ಅಡಿಕೆಯೊಂದಿಗೆ ತಂಬಾಕು ಹಾಕಿಕೊಳ್ಳುತ್ತೇನೆ, ದಿನಕ್ಕೆ ನಾಲ್ಕೈದು ಸಲ, ಅರ್ಜಿಯಲ್ಲಿ ಇದು ಬಿಟ್ಟುಹೋಗಿದೆ. ಹದಿನಾರು ಎಂದಾಗ ಅವಳು ಪೆನ್ನು ಎತ್ತಿ ಅವನನ್ನು ನೋಡಿದಳು. ಇಷ್ಟು ವರ್ಷ ಅವಳಿಗೂ ಅದು ತಿಳಿದಿರಲಿಲ್ಲ. ಕೆಳಗೆ ಅವನ ಸಹಿ. ನಾನು ಬೇರೊಂದು ಹಾಳೆಯಲ್ಲಿ ನನ್ನದನ್ನು ಬರೆದೆ: ಅರ್ಜಿ ತುಂಬಿದ ದಿನ ಅವರು ಎಲೆ ತಂಬಾಕು ಹಾಕಿಕೊಂಡದ್ದನ್ನು ನೋಡಿದ್ದೇನೆ, ಪ್ರಶ್ನೆಯನ್ನು ಅಚ್ಚಿನಲ್ಲಿದ್ದಂತೆ ಓದಿ ಹೇಳಿಲ್ಲ. 'ಓದಿದ ನೆನಪಿಲ್ಲ' ಎಂದು ಮೊದಲು ಬರೆದಿದ್ದೆ. ಅದನ್ನು ಹೊಡೆದುಹಾಕಿದೆ.

ಕಂಪನಿ ಪರೀಕ್ಷೆ ಕೇಳಿತು. ಅವನು ಒಂದು ದಿನ ಅಂಗಡಿ ಮುಚ್ಚಿ ಸಿಂಧನೂರಿಗೆ ಬಂದು ರಕ್ತ, ಮೂತ್ರ ಕೊಟ್ಟುಹೋದ. ಆಮೇಲೆ ಉತ್ತರ ಬರುವವರೆಗಿನ ದಿನಗಳಲ್ಲಿ ನನಗೆ ಮಸ್ಕಿಯ ನಂಬರಿನಿಂದ ಮೇಲಿಂದ ಮೇಲೆ ಫೋನ್ ಬರುತ್ತಿತ್ತು. ಕರೆಂಟ್ ಹೊಡೆಯಿತೆಂಬ ಸುದ್ದಿಯೇ ಇರಬಹುದು ಎಂದುಕೊಂಡೇ ಎತ್ತುತ್ತಿದ್ದೆ. ಪ್ರತಿ ಸಲವೂ ಅವಳದು ಒಂದೇ ಪ್ರಶ್ನೆ: "ಕಾಗದ ಬಂತೇನ್ರಿ?"

ಈ ನಡುವೆ ನನ್ನ ಪಾಲಿಸಿದಾರರ ಪಟ್ಟಿಯನ್ನು ಹರಡಿಕೊಂಡು ಕೂತೆ. ನಲವತ್ತೊಂದು ಟರ್ಮ್ ಪ್ಲಾನ್‌ಗಳು. ತಂಬಾಕಿನ ಮುಂದೆ ನಲವತ್ತೊಂದು ಕಡೆಯೂ 'ಇಲ್ಲ'. ಸಿಂಧನೂರು, ಮಸ್ಕಿ, ಆರ್.ಎಚ್. ಕ್ಯಾಂಪ್‌ನ ಗದ್ದೆಗಳ ನಡುವೆ ಇರುವ ನಲವತ್ತೊಂದು ಗಂಡಸರಲ್ಲಿ ಒಬ್ಬರೂ ಎಲೆ ಹಾಕಿಕೊಳ್ಳುವುದಿಲ್ಲವೆಂದು ಆರು ವರ್ಷ ನಾನೇ ಬರೆದು ಕೊಟ್ಟಿದ್ದೆ, ಒಮ್ಮೆಯೂ ಸಂಶಯ ಬರದೆ. ಮೂರು ವರ್ಷ ದಾಟದವು ಹದಿನೆಂಟು. ಆ ಹದಿನೆಂಟು ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಕೆಲವರು ಬರೆದು ಕೊಟ್ಟರು. ಇಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಮುಕ್ಕುಂದದ ಆ ರೈತರು, "ನೀವ ಬರಕೊಂಡ್ರಿ, ನೀವ ಅಳಸ್ರಿ, ನನ್ನೇನ್ ಕೇಳ್ತೀರಿ?" ಎಂದರು.

ಐದು ವಾರದ ಮೇಲೆ ಮಸ್ಕಿಯ ಪಾಲಿಸಿಯ ಉತ್ತರ ಬಂತು. ತಂಬಾಕು ಬಳಸುವವರ ದರದಲ್ಲಿ ಪಾಲಿಸಿ ಮುಂದುವರಿಯುತ್ತದೆ, ಮೊದಲ ದಿನದಿಂದ ಇಲ್ಲಿಯವರೆಗಿನ ವ್ಯತ್ಯಾಸ ಕಟ್ಟಬೇಕು. ಮೊತ್ತ ಮೊದಲಿನಷ್ಟೇ. ಜೊತೆಗೆ ನನ್ನ ಹೆಸರಿಗೆ ಒಂದು ಎಚ್ಚರಿಕೆಯ ಪತ್ರ. ಅವರ ಕಾಗದವನ್ನು ನಾನೇ ತೆಗೆದುಕೊಂಡು ಹೋದೆ. ಅವಳು ಎದ್ದು ನಿಂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಎರಡನೆಯ ಸಲ ಓದುವಾಗ ಕೂತಳು.

"ಹೆಚ್ಚಿಗಿ ಕಟ್ಟಾಕತ್ತೀವಿ ಅಂದ ಮ್ಯಾಲೆ ಇನ್ನ ಆರಾಮಾಗಿ ತಿನ್ನಬೋದಲ್ರಿ?" ಎಂದ ಗಂಡ ನನ್ನನ್ನು ನೋಡಿ. ತಮಾಷೆಗೆಂದೇ ಕೇಳಿದ್ದು.

"ತಿನ್ರಿ. ಸತ್ರ ರೊಕ್ಕ ಬರ್ತೈತಿ," ಎಂದಳು ಅವಳು, ಕಾಗದದಿಂದ ತಲೆ ಎತ್ತದೆ. "ದವಡಿ ಕೊಯ್ಯೋ ಖರ್ಚು ಇದರಾಗ ಬರಂಗಿಲ್ಲ. ಅಕ್ಕಾರ ಬರದಾರ, ಓದಿಲ್ಲೇನು?"

ಅವನು ಒಳಗೆ ಹೋದ. ನಾನು ಹೊರಡಲು ಚೀಲ ತೆಗೆದುಕೊಂಡೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. ತಾನು ಮನೆಯಲ್ಲಿ ಮಾಡುವ ಹೊಲಿಗೆಯಿಂದ ತಿಂಗಳಿಗೆ ಇಷ್ಟು ಬರುತ್ತದೆ, ಅದಕ್ಕೆ ತನ್ನ ಹೆಸರಿಗೂ ಸಣ್ಣದೊಂದು ಪ್ಲಾನ್ ಆಗುತ್ತದೆಯೇ ಎಂದು ಕೇಳಿದಳು. ಆದಾಯಕ್ಕೆ ದಾಖಲೆ ಬೇಕಾಗುತ್ತದೆ, ಕೇಳಿ ನೋಡೋಣ ಎಂದೆ. ಊಟ ಮಾಡಿ ಆಮೇಲೆ ಬರೆಯೋಣವೇ ಎಂದು ನಾನು ಕೇಳಿದಾಗ ಅವಳು ತಲೆ ಅಲ್ಲಾಡಿಸಿದಳು.

"ಊಟ ಆಮ್ಯಾಲ. ಈಗ ಅರ್ಜ್ಯಾಗ ಇದ್ದಂಗ, ಒಂದಕ್ಷರ ಬಿಡದಂಗ ಓದ್ರಿ. ಮತ್ತ ಒಂದು ಮಾತು ಮೊದ್ಲ ಹೇಳ್ತೀನಿ. ಮಗ ಹೊಟ್ಟ್ಯಾಗ ಇದ್ದಾಗ ನನಗ ಸಕ್ಕರಿ ಬಂದಿತ್ರಿ. ಹಡದ ಮ್ಯಾಲೆ ಹೋತು ಅಂದ್ರು ಡಾಕ್ಟರು. ನಮ್ಮ ಅತ್ತಿಗೂ ಹೇಳಿಲ್ಲ ನಾ ಅದನ್ನ. ಬರೀರಿ."

ಆರು ವರ್ಷದಲ್ಲಿ ಯಾರೂ ನನಗೆ, ಕೇಳುವ ಮೊದಲೇ, ಹೀಗೊಂದು ಮಾತು ಹೇಳಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆದುಕೊಂಡು, ಸರಿಯಿದೆಯೇ ಎಂದು ಅವಳಿಗೆ ಓದಿ ಹೇಳಿದೆ.